ಅಪ್ರಾಪ್ತವಯಸ್ಕರ ಉಳಿತಾಯ ಖಾತೆ: ಹದಿನೆಂಟು ತುಂಬಿದಾಗ ಪೋಷಕರ ದಾಖಲೆಗಳ ಪರಿಶೀಲನೆ ಮತ್ತು ಖಾತೆಯ ನಿರ್ವಹಣೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಗ್ರಾಮಗಳಲ್ಲಿ ವಿದ್ಯಾರ್ಥಿವೇತನಕ್ಕಾಗಿ ತೆರೆದ ಮಕ್ಕಳ ಉಳಿತಾಯ ಖಾತೆಗಳು ಬಹುತೇಕ ಪ್ರತಿ ಮನೆಯಲ್ಲಿಯೂ ಇವೆ. ಈ ಖಾತೆಗಳು ತಂದೆಯ ಅಥವಾ ತಾಯಿಯ ಸಹಿಯಿಂದ ನಡೆಯುತ್ತವೆ. ಮಗುವಿಗೆ ಹದಿನೆಂಟು ವರ್ಷ ತುಂಬಿದ ನಂತರ ಒಂದು ದಿನ ಬ್ಯಾಂಕಿಗೆ ಹೋದಾಗ, ಹಣ ಜಮಾ ಆಗಿರುವುದು ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ, ಆದರೆ ತೆಗೆಯಲು ಬರುವುದಿಲ್ಲ. ಭಾಗ್ಯಲಕ್ಷ್ಮಿ ಯೋಜನೆಯ ಫಲಾನುಭವಿಗಳ ವಿಷಯದಲ್ಲಿ ಈ ತೊಡಕು ಈಗ ಹೆಚ್ಚು ಮಹತ್ವದ್ದಾಗಿದೆ. 2006ರ ಮಾರ್ಚ್ 31ರ ನಂತರ ಜನಿಸಿದ ಹೆಣ್ಣುಮಕ್ಕಳಿಗೆ ಅನ್ವಯವಾದ ಆ ಯೋಜನೆಯ ಮೊದಲ ಬಾಲಕಿಯರು 2024ರಿಂದ ಹದಿನೆಂಟನ್ನು ದಾಟುತ್ತಿದ್ದಾರೆ. ಬಾಂಡಿನ ಪರಿಪಕ್ವ ಮೊತ್ತವು ಅವರದೇ ಹೆಸರಿನ ಖಾತೆಗೆ ಬರಬೇಕಾದುದರಿಂದ, ಆ ಖಾತೆ ಯಾರ ಸಹಿಯ ಮೇಲೆ ನಡೆಯುತ್ತಿದೆ ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಅವಶ್ಯ.

1875ರ ಭಾರತೀಯ ಪ್ರಾಪ್ತವಯಸ್ಕತೆ ಅಧಿನಿಯಮದಂತೆ ಹುಟ್ಟಿದ ದಿನವನ್ನು ಪೂರ್ಣ ದಿನವೆಂದು ಗಣಿಸಿ, ಹದಿನೆಂಟನೆಯ ವಾರ್ಷಿಕ ದಿನದ ಆರಂಭದಲ್ಲಿಯೇ ವ್ಯಕ್ತಿಯು ಪ್ರಾಪ್ತವಯಸ್ಕನಾಗುತ್ತಾನೆ. ಅಂದಿಗೆ ಪೋಷಕರ ಅಧಿಕಾರ ಕೊನೆಗೊಳ್ಳುತ್ತದೆ. ಆದರೆ ಬ್ಯಾಂಕಿನ ಬಳಿ ಇರುವುದು ಪೋಷಕರ ಮಾದರಿ ಸಹಿ ಮಾತ್ರ. ಖಾತೆದಾರನ ಸಹಿ ಇರುವುದಿಲ್ಲ. ಹೀಗೆ ಹಳೆಯ ಸಹಿ ನಡೆಯದ, ಹೊಸ ಸಹಿ ಇನ್ನೂ ಬಾರದ ನಡುವಿನ ಸ್ಥಿತಿಯಲ್ಲಿ ಹಲವು ಬ್ಯಾಂಕುಗಳ ಗಣಕ ವ್ಯವಸ್ಥೆಯು ಹಣ ತೆಗೆಯುವುದನ್ನು ತಾನಾಗಿಯೇ ತಡೆಹಿಡಿಯುತ್ತದೆ. ಇದು ದಂಡವೂ ಅಲ್ಲ, ಖಾತೆಯ ರದ್ದತಿಯೂ ಅಲ್ಲ.

ಭಾರತೀಯ ರಿಸರ್ವ್ ಬ್ಯಾಂಕು 2025ರ ಏಪ್ರಿಲ್ 21ರಂದು ಹೊರಡಿಸಿದ ನಿರ್ದೇಶನದಲ್ಲಿ ಈ ಘಟ್ಟದ ಕ್ರಮವನ್ನು ಸ್ಪಷ್ಟಪಡಿಸಿದೆ. ಖಾತೆದಾರನು ಪ್ರಾಪ್ತವಯಸ್ಕನಾದಾಗ ಬ್ಯಾಂಕು ಅವನಿಂದ ಖಾತೆ ನಿರ್ವಹಣೆಯ ಹೊಸ ಸೂಚನೆಯನ್ನೂ ಮಾದರಿ ಸಹಿಯನ್ನೂ ಪಡೆಯಬೇಕು. ಅದುವರೆಗೆ ಪೋಷಕರು ಖಾತೆ ನಡೆಸುತ್ತಿದ್ದರೆ ಉಳಿಕೆ ಮೊತ್ತವನ್ನು ದೃಢೀಕರಿಸಿಕೊಳ್ಳಬೇಕು. ಈ ಅಗತ್ಯವನ್ನು ಖಾತೆದಾರರಿಗೆ ಮುಂಚಿತವಾಗಿ ತಿಳಿಸಬೇಕು. ಮುಂಚಿತ ತಿಳಿವಳಿಕೆಯು ಸಾಮಾನ್ಯವಾಗಿ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಬರುತ್ತದೆ. ಏಳೆಂಟು ವರ್ಷಗಳ ಹಿಂದೆ ಕೊಟ್ಟ ಸಂಖ್ಯೆ ಇಂದಿಗೂ ಅದೇ ಮನೆಯಲ್ಲಿದೆಯೇ ಎಂಬುದು ಬೇರೆ ಮಾತು.

ಪೋಷಕರ ದಾಖಲೆಗಳನ್ನು ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಬ್ಯಾಂಕಿನ ಕಡತದಲ್ಲಿ ಪೋಷಕರೆಂದು ಯಾರ ಹೆಸರಿದೆ ಮತ್ತು ಯಾವ ಆಧಾರದ ಮೇಲೆ ಎಂಬುದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದಲ್ಲಿ ಸಹಜ ಪೋಷಕರಾಗಿ ತಂದೆ, ‘ಅವನ ನಂತರ’ ತಾಯಿ ಎಂದಿದೆ. ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ತಾಯಿಯ ಸಹಿಯನ್ನು ಒಪ್ಪದ ಕಾರಣದಿಂದ ಹುಟ್ಟಿದ ಗೀತಾ ಹರಿಹರನ್ ಪ್ರಕರಣದಲ್ಲಿ, 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ‘ನಂತರ’ ಎಂಬ ಪದಕ್ಕೆ ತಂದೆಯ ಮರಣಾನಂತರ ಎಂದಷ್ಟೇ ಅರ್ಥವಲ್ಲ, ಆತನ ಅನುಪಸ್ಥಿತಿಯಲ್ಲಿ ಎಂದೂ ಅರ್ಥ ಎಂದು ತೀರ್ಮಾನಿಸಿತು. ಬ್ಯಾಂಕು ಖಾತೆಯ ಮಟ್ಟಿಗೆ, ಯಾವ ಧರ್ಮದ ಕುಟುಂಬವೇ ಆಗಿರಲಿ, ತಾಯಿಯನ್ನು ಪೋಷಕಳಾಗಿಟ್ಟು ಮಗುವಿನ ಖಾತೆ ತೆರೆಯಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿದೆ. ದೊಡ್ಡಪ್ಪ, ಸೋದರಮಾವ, ಅಜ್ಜಿ ಇವರು ಮಗುವನ್ನು ಸಾಕಿರಬಹುದು. ಆದರೆ 1890ರ ಪೋಷಕರು ಮತ್ತು ಪೋಷಿತರ ಅಧಿನಿಯಮದಡಿ ನ್ಯಾಯಾಲಯದ ಆದೇಶವಿಲ್ಲದೆ ಅವರು ಕಾನೂನುಬದ್ಧ ಪೋಷಕರಾಗುವುದಿಲ್ಲ.

ಇಲ್ಲಿ ಸದಸ್ಯರು ಗಮನಿಸಬೇಕಾದ ಒಂದು ಅಂಶವಿದೆ. ‘ಇವರೇ ಈ ಮಗುವಿನ ಪೋಷಕರು’ ಎಂದು ಗ್ರಾಮ ಪಂಚಾಯತಿಯ ಪತ್ರವನ್ನು ಕೋರಿ ಜನರು ಬರುತ್ತಾರೆ. ಮಗು ಯಾರ ಮನೆಯಲ್ಲಿ ವಾಸವಾಗಿದೆ ಎಂಬ ಸಂಗತಿಯನ್ನು ಅಂತಹ ಪತ್ರದಲ್ಲಿ ಹೇಳಬಹುದೇ ಹೊರತು, ಪೋಷಕತ್ವವನ್ನು ಕೊಡುವ ಶಕ್ತಿ ಅದಕ್ಕಿಲ್ಲ. ಹದಿನೆಂಟು ತುಂಬಿದ ಮೇಲಂತೂ ಆ ಪತ್ರಕ್ಕೆ ಬ್ಯಾಂಕಿನಲ್ಲಿ ಯಾವ ಉಪಯೋಗವೂ ಇಲ್ಲ.

ಒಂದು ಉದಾಹರಣೆಯಿಂದ ಇದನ್ನು ನೋಡೋಣ. ಕುಷ್ಟಗಿ ತಾಲ್ಲೂಕಿನ ಒಬ್ಬ ಬಾಲಕಿಯ ಖಾತೆಯನ್ನು 2015ರಲ್ಲಿ ತಂದೆಯ ಸಹಿಯೊಂದಿಗೆ ತೆರೆಯಲಾಗಿದೆ ಎಂದು ಭಾವಿಸಿರಿ. ತಂದೆ 2021ರಲ್ಲಿ ತೀರಿಕೊಂಡರು. ಬ್ಯಾಂಕಿಗೆ ಯಾರೂ ತಿಳಿಸಲಿಲ್ಲ. ವಿದ್ಯಾರ್ಥಿವೇತನ ಜಮಾ ಆಗುತ್ತಲೇ ಇತ್ತು. 2026ರ ಜೂನ್ ತಿಂಗಳಲ್ಲಿ ಪದವಿ ಕಾಲೇಜಿನ ಶುಲ್ಕಕ್ಕೆಂದು ತಾಯಿ ಮಗಳು ಬ್ಯಾಂಕಿಗೆ ಹೋದಾಗ ಖಾತೆ ತಡೆಹಿಡಿದಿರುವುದು ತಿಳಿಯುತ್ತದೆ. ಬ್ಯಾಂಕಿನ ಕಡತದಲ್ಲಿ ಅವಳ ಜನ್ಮದಿನಾಂಕ 1-6-2008. ಜನನ ಪ್ರಮಾಣಪತ್ರ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವುದು 12-8-2008.

ಗ್ರಾಮದಲ್ಲಿ ಇಂತಹ ಸಂದರ್ಭಕ್ಕೆ ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸಿಕೊಂಡು ಬನ್ನಿ ಎಂಬುದು. ಈ ಸಲಹೆ ತಪ್ಪು. ಖಾತೆಯಲ್ಲಿರುವ ಹಣ ತಂದೆಯದಲ್ಲ, ಮಗಳದು. ತಂದೆ ಸಹಿ ಮಾಡುವ ಅಧಿಕಾರ ಹೊಂದಿದ್ದರೇ ಹೊರತು ಹಣದ ಒಡೆಯರಾಗಿರಲಿಲ್ಲ. ಆದ್ದರಿಂದ ಅವರ ಮರಣದಿಂದ ವಾರಸಾ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಮರಣ ಪ್ರಮಾಣಪತ್ರವೊಂದು ಪೋಷಕರ ಹೆಸರನ್ನು ಕಡತದಿಂದ ತೆಗೆಯಲು ಬೇಕು, ಅಷ್ಟೇ.

ಇನ್ನು ದಿನಾಂಕದ ವಿಷಯ. ಬ್ಯಾಂಕಿನ ಗಣಕವು ತನ್ನಲ್ಲಿರುವ ದಿನಾಂಕವನ್ನು ನಂಬಿ ಜೂನ್ 1ಕ್ಕೇ ಖಾತೆಯನ್ನು ತಡೆದಿದೆ. ಕಾನೂನಿನಂತೆ ಆಕೆ ಆಗಸ್ಟ್ 12ರವರೆಗೆ ಅಪ್ರಾಪ್ತಳೇ. ಶಾಲೆಗೆ ಸೇರಿಸುವಾಗ ಜೂನ್ 1ನ್ನು ಅಂದಾಜಿನಿಂದ ಬರೆಯಿಸುವ ರೂಢಿ ನಮ್ಮ ಭಾಗದಲ್ಲಿ ಇದ್ದುದರಿಂದ ಈ ವ್ಯತ್ಯಾಸ ಅಪರೂಪದ್ದಲ್ಲ. ಜನನ ಪ್ರಮಾಣಪತ್ರದ ಪ್ರತಿಯೊಂದಿಗೆ ದಿನಾಂಕ ತಿದ್ದುಪಡಿಗೆ ಲಿಖಿತ ಅರ್ಜಿ ಕೊಡುವುದು ಮೊದಲ ಹೆಜ್ಜೆ. ಆಧಾರ್‌ನಲ್ಲಿಯೂ ತಪ್ಪು ದಿನಾಂಕವಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಶುಲ್ಕಕ್ಕೆ ಹಣ ತುರ್ತಾಗಿ ಬೇಕಿದ್ದರೆ ತಂದೆಯ ಮರಣ ಪ್ರಮಾಣಪತ್ರ ಹಾಗೂ ತಾಯಿಯ ಗುರುತಿನ ದಾಖಲೆಗಳನ್ನು ಸಲ್ಲಿಸಿ ತಾಯಿಯ ಹೆಸರನ್ನು ಪೋಷಕರ ಸ್ಥಾನದಲ್ಲಿ ಸೇರಿಸಬಹುದು. ಹತ್ತು ವರ್ಷ ಮೀರಿದ ಮಕ್ಕಳು ಬ್ಯಾಂಕು ಗೊತ್ತುಪಡಿಸಿದ ಮಿತಿಯೊಳಗೆ ಖಾತೆಯನ್ನು ತಾವೇ ನಡೆಸಲು ಸಹ ರಿಸರ್ವ್ ಬ್ಯಾಂಕಿನ ನಿರ್ದೇಶನ ಅವಕಾಶ ಕೊಡುತ್ತದೆ. ಅದು ಆಯಾ ಬ್ಯಾಂಕಿನ ನೀತಿಗೆ ಒಳಪಟ್ಟದ್ದು. ತುರ್ತು ಇಲ್ಲದಿದ್ದರೆ ಆಗಸ್ಟ್ 12ರವರೆಗೆ ಕಾಯುವುದೇ ಸುಲಭ. ಅಂದಿನಿಂದ ತಾಯಿಯನ್ನು ಪೋಷಕಳಾಗಿ ಸೇರಿಸುವ ಅಗತ್ಯವೇ ಉಳಿಯುವುದಿಲ್ಲ. ಮಗಳು ತನ್ನ ಆಧಾರ್, ಭಾವಚಿತ್ರ, ಪ್ಯಾನ್ ಅಥವಾ ಪ್ಯಾನ್ ಇಲ್ಲವೆಂಬ ನಿಗದಿತ ಘೋಷಣೆ, ತಂದೆಯ ಮರಣ ಪ್ರಮಾಣಪತ್ರ ಇವುಗಳೊಂದಿಗೆ ಸ್ವತಃ ಹಾಜರಾಗಿ ಸಹಿ ಮಾಡಿದರೆ ಸಾಕು.

ಪೋಷಕರು ಜೀವಂತರಿರುವಲ್ಲಿ ಉಳಿಕೆ ಮೊತ್ತದ ದೃಢೀಕರಣವು ಮುಖ್ಯ ಘಟ್ಟವಾಗುತ್ತದೆ. ನಮೂನೆಯಲ್ಲಿ ಒಂದು ಸಾಲು, ಕೆಳಗೆ ಸಹಿ. ಆದ್ದರಿಂದ ಅದನ್ನು ಓದದೆಯೇ ಸಹಿ ಮಾಡುವವರೇ ಹೆಚ್ಚು. ಆದರೆ ಪೋಷಕರ ಅವಧಿಯ ಲೆಕ್ಕ ಸರಿಯಾಗಿದೆ ಎಂದು ಒಪ್ಪಿಕೊಂಡಂತೆ ಅದನ್ನು ಮುಂದೆ ತೋರಿಸಬಹುದು. ಆದಕಾರಣ ಪಾಸ್‌ಬುಕ್ಕನ್ನು ಕೊನೆಯ ದಿನಾಂಕದವರೆಗೆ ಮುದ್ರಿಸಿಕೊಂಡು, ಹಳೆಯ ಪಾಸ್‌ಬುಕ್ಕು ಕಳೆದಿದ್ದರೆ ಖಾತೆಯ ವಿವರಪಟ್ಟಿಯನ್ನು ಕೇಳಿ ಪಡೆದು, ಮಗ ಅಥವಾ ಮಗಳು ಅದನ್ನು ನೋಡಿದ ಮೇಲೆಯೇ ಸಹಿ ಮಾಡುವುದು ಸೂಕ್ತ. ವಿದ್ಯಾರ್ಥಿವೇತನ ಯಾವ ಯಾವ ವರ್ಷ ಬಂದಿತು, ಹಣ ಯಾವಾಗ ತೆಗೆಯಲಾಯಿತು ಎಂಬುದು ಅಲ್ಲಿಯೇ ಕಾಣುತ್ತದೆ. ಹೆಬ್ಬೆಟ್ಟಿನ ಗುರುತಿಗೆ ಸಾಕ್ಷಿಯಾಗಿ ಸದಸ್ಯರನ್ನು ಕರೆದಾಗ, ಉಳಿಕೆಯ ಅಂಕಿಯನ್ನು ಆ ಪೋಷಕರಿಗೆ ಗಟ್ಟಿಯಾಗಿ ಓದಿ ಹೇಳಿದ ನಂತರವೇ ಸಾಕ್ಷಿ ಸಹಿ ಹಾಕಬೇಕು.

ಮುಂದೆಯೂ ತಾಯಿಯೇ ಖಾತೆ ನಡೆಸಲಿ ಎಂದು ಕುಟುಂಬ ಬಯಸಿದರೆ, ಅದು ಮಗಳ ಒಪ್ಪಿಗೆಯಿಂದ ಮಾತ್ರ ಸಾಧ್ಯ. ತಾಯಿಯ ಹೆಸರನ್ನು ಜಂಟಿ ಖಾತೆದಾರಳಾಗಿ ಸೇರಿಸಬಹುದು, ಇಲ್ಲವೇ ಮಗಳು ಲಿಖಿತ ಅಧಿಕಾರಪತ್ರ ಕೊಡಬಹುದು. ಹಳೆಯ ಪೋಷಕತ್ವವನ್ನು ಹಾಗೆಯೇ ಮುಂದುವರಿಸಲು ಬರುವುದಿಲ್ಲ. ನಾಮನಿರ್ದೇಶನವನ್ನೂ ಇದೇ ವೇಳೆ ಹೊಸದಾಗಿ ಬರೆಯಿಸಬೇಕು.

ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿನ ಹೆಸರೇ ಬದಲಾಗಿರುವುದು ಇನ್ನೊಂದು ಗೊಂದಲ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಸೇರಿ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಉಳಿದಿದೆ. ಹಳೆಯ ಹೆಸರಿನ ಪಾಸ್‌ಬುಕ್ಕಿನಲ್ಲಿರುವ ಹಣ ಎಲ್ಲಿಯೂ ಹೋಗಿಲ್ಲ. ಆದರೆ ಅದರಲ್ಲಿ ಮುದ್ರಿತವಾದ ಐಎಫ್‌ಎಸ್‌ಸಿ ಸಂಕೇತವನ್ನು ಭಾಗ್ಯಲಕ್ಷ್ಮಿ ಅಥವಾ ಬೇರಾವುದೇ ಅರ್ಜಿಯಲ್ಲಿ ಬರೆಯಬಾರದು. ಶಾಖೆಯಲ್ಲಿ ಹೊಸ ಪಾಸ್‌ಬುಕ್ಕು ಪಡೆದು ಅದರಲ್ಲಿರುವುದನ್ನೇ ಬರೆಯಬೇಕು. ಹಾಗೆಯೇ ಕುಕನೂರು, ಕಾರಟಗಿ, ಕನಕಗಿರಿ ಭಾಗದವರ ಹಳೆಯ ದಾಖಲೆಗಳಲ್ಲಿ ಯಲಬುರ್ಗಾ ಅಥವಾ ಗಂಗಾವತಿ ತಾಲ್ಲೂಕೆಂದು ಇರುತ್ತದೆ. ಹೊಸ ತಾಲ್ಲೂಕುಗಳ ರಚನೆಯಿಂದಾದ ವ್ಯತ್ಯಾಸ ಇದು ಎಂದು ವಿವರಿಸಿದರೆ ಸಾಮಾನ್ಯವಾಗಿ ತೊಂದರೆಯಾಗದು.

ಬ್ಯಾಂಕಿನಲ್ಲಿ ಬೆರಳಚ್ಚು ಹೊಂದದಿದ್ದರೆ ಕಾರಣ ಬಹುಮಟ್ಟಿಗೆ ಆಧಾರ್‌ನಲ್ಲಿರುತ್ತದೆ. ಹದಿನೈದು ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡುವುದು ಕಡ್ಡಾಯ. ಬಾಲ್ಯದ ಗುರುತುಗಳು ಬೆಳೆದ ಕೈಗೆ ಹೊಂದುವುದಿಲ್ಲ. ಹೀಗೆ ತಡವಾದಾಗ ಬೇಸತ್ತು ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಕಾಲೇಜಿನ ಸಮೀಪ ಹೊಸ ಖಾತೆ ತೆರೆಯುವ ವಿದ್ಯಾರ್ಥಿಗಳಿದ್ದಾರೆ. ಹೊಸ ಖಾತೆಗೆ ಆಧಾರ್ ಜೋಡಣೆಯಾದರೆ ಮುಂದಿನ ವಿದ್ಯಾರ್ಥಿವೇತನ ಅಲ್ಲಿಗೆ ಹೋಗುತ್ತದೆ, ಹಳೆಯ ಹಣ ತಡೆಹಿಡಿದ ಖಾತೆಯಲ್ಲೇ ಉಳಿಯುತ್ತದೆ. ಹತ್ತು ವರ್ಷ ಯಾರೂ ಮುಟ್ಟದಿದ್ದರೆ ಆ ಮೊತ್ತವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತದೆ. ಆಗಲೂ ಹಕ್ಕು ಅಳಿಯುವುದಿಲ್ಲ, ಆದರೆ ಅಲೆದಾಟ ಹೆಚ್ಚುತ್ತದೆ. ಅದೇ ಖಾತೆಯನ್ನು ಪ್ರಾಪ್ತವಯಸ್ಕರ ಖಾತೆಯಾಗಿ ಬದಲಾಯಿಸಿಕೊಳ್ಳುವುದೇ ಮೇಲು. ಬದಲಾಯಿಸುವಾಗ ಕನಿಷ್ಠ ಮೊತ್ತದ ಷರತ್ತಿಲ್ಲದ ಮೂಲ ಉಳಿತಾಯ ಖಾತೆಯಾಗಿಯೇ ಇಡುವಂತೆ ಅರ್ಜಿಯಲ್ಲಿ ಬರೆದು ಕೇಳಬೇಕು. ಅಂಚೆ ಕಚೇರಿಯ ಖಾತೆಗಳಿಗೂ ಇದೇ ರೀತಿ ಹೊಸ ನಮೂನೆ ಮತ್ತು ಖಾತೆದಾರರ ಸ್ವಂತ ಗುರುತಿನ ದಾಖಲೆಗಳು ಬೇಕಾಗುತ್ತವೆ.

ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದರ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ‘ನಾಳೆ ಬನ್ನಿ’ ಎಂದದ್ದಕ್ಕೆ ದಾಖಲೆ ಇರುವುದಿಲ್ಲ. ಶಾಖೆಯಿಂದ ಪರಿಹಾರ ದೊರೆಯದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಸಲ್ಲಿಸಿ, ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ cms.rbi.org.in ಜಾಲತಾಣದ ಮೂಲಕ ಶುಲ್ಕವಿಲ್ಲದೆ ದೂರು ನೀಡಬಹುದು. ಮಾಹಿತಿಗೆ ದೂರವಾಣಿ ಸಂಖ್ಯೆ 14448. ಮೊಹರು ಬಿದ್ದ ಆ ಪ್ರತಿಯ ಛಾಯಾಪ್ರತಿಯನ್ನು ದೂರಿನೊಂದಿಗೆ ಲಗತ್ತಿಸಬೇಕು.