ಬಾಗಿಲಲ್ಲಿ ನಿಂತ ಮೇಷ್ಟ್ರು

ಪ್ರಾರ್ಥನೆ ಮುಗಿದು ಮಕ್ಕಳು ತರಗತಿ ಸೇರಿರುತ್ತಾರೆ. ಮೇಷ್ಟ್ರು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತು ರಾಗವಾಗಿ ‘ನಮಸ್ತೇ ಸಾ...ರ್’ ಎನ್ನುತ್ತಾರೆ. ‘ಕೂತ್ಕೊಳ್ಳಿ’ ಎಂಬ ಉತ್ತರ, ಆಮೇಲೆ ಹಾಜರಿ ಪುಸ್ತಕ. ಕರ್ನಾಟಕದ ಶಾಲೆಯಲ್ಲಿ ಓದಿದವರಿಗೆ ಇದು ಹೊಸದೇನಲ್ಲ. ತಪ್ಪೂ ಅಲ್ಲ. ಆದರೆ ಇಲ್ಲಿ ವಂದಿಸಿದವರು ಮಕ್ಕಳು ಮಾತ್ರ. ಹಿಂದಿನ ಬೆಂಚಿನವನು ಬಾಯಿ ತೆರೆದನೋ ಇಲ್ಲವೋ ಮೇಷ್ಟ್ರಿಗೆ ತಿಳಿಯುವುದೂ ಇಲ್ಲ.

ಇದನ್ನೇ ತಿರುವುಮುರುವು ಮಾಡಿದರೆ? ಮೇಷ್ಟ್ರೇ ಮೊದಲು ಬಂದು ಬಾಗಿಲಲ್ಲಿ ನಿಂತು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಒಳಗೆ ಕರೆದರೆ?

ಅಮೆರಿಕದ ಸಂಶೋಧಕರಾದ ಆಲ್‌ಡೇ ಮತ್ತು ಪಕುರಾರ್ 2007ರಲ್ಲಿ ಇದನ್ನು ಪರೀಕ್ಷಿಸಿದರು. ಪಾಠದಲ್ಲಿ ಮನಸ್ಸು ನಿಲ್ಲದ ಮೂವರು ವಿದ್ಯಾರ್ಥಿಗಳನ್ನು ಶಿಕ್ಷಕರು ಬಾಗಿಲಲ್ಲೇ ಹೆಸರಿನಿಂದ ಕರೆದು, ಒಂದು ಒಳ್ಳೆಯ ಮಾತು ಆಡುತ್ತಿದ್ದರು. ಅಷ್ಟಕ್ಕೇ, ತರಗತಿಯ ಮೊದಲ 10 ನಿಮಿಷಗಳಲ್ಲಿ ಅವರು ಕೆಲಸದಲ್ಲಿ ತೊಡಗಿದ್ದ ಪ್ರಮಾಣ ಸರಾಸರಿ ಶೇ 45ರಿಂದ 72ಕ್ಕೆ ಏರಿತು. ಮೂವರ ಮೇಲಿನ ಪ್ರಯೋಗ ಎಂದು ಮೂಗು ಮುರಿಯಬಹುದು. 2018ರಲ್ಲಿ ಕ್ಲೇಟನ್ ಕುಕ್ ಮತ್ತು ಸಂಗಡಿಗರು ಮಾಧ್ಯಮಿಕ ಹಂತದ 10 ತರಗತಿಗಳ 203 ಮಕ್ಕಳನ್ನು ಗಮನಿಸಿದರು. ಕಲಿಕೆಯಲ್ಲಿ ತೊಡಗುವ ಸಮಯ 20 ಶೇಕಡಾ ಅಂಶದಷ್ಟು ಹೆಚ್ಚಿತ್ತು, ಗಲಾಟೆ 9 ಅಂಶದಷ್ಟು ಇಳಿದಿತ್ತು.

ಕುಕ್ ತಂಡದ ಕ್ರಮದಲ್ಲಿ ನಗು ಮತ್ತು ಹೆಸರು ಅರ್ಧ ಭಾಗವಷ್ಟೇ. ಉಳಿದರ್ಧವನ್ನು ಬಹಳ ಮಂದಿ ಮರೆಯುತ್ತಾರೆ: ಒಳಗೆ ಹೋದ ತಕ್ಷಣ ಏನು ಮಾಡಬೇಕೆಂದು ಬಾಗಿಲಲ್ಲೇ ಹೇಳಿಬಿಡುವುದು. ಐದನೇ ತರಗತಿಯಲ್ಲಿ 36 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಪ್ರಾರ್ಥನೆಗೆ ಮುಂಚೆಯೇ ಕಪ್ಪುಹಲಗೆಯ ಮೇಲೆ ಎರಡು ಲೆಕ್ಕ ಬರೆದಿಟ್ಟಿರಬೇಕು. ಮೇಷ್ಟ್ರು ಒಂದು ಕಣ್ಣು ಒಳಗೆ, ಒಂದು ಕಣ್ಣು ಸಾಲಿನ ಮೇಲೆ ಇರುವಂತೆ ಹೊಸ್ತಿಲ ಪಕ್ಕ ನಿಲ್ಲುತ್ತಾರೆ. ‘ಬಾ ಶಿವು, ಜ್ವರ ಬಿಡ್ತಾ? ಬೋರ್ಡ್ ಮೇಲಿನ ಲೆಕ್ಕ ಶುರು ಮಾಡು.’ ನಾಲ್ಕು ಸೆಕೆಂಡು. ಎಲ್ಲರಿಗೂ ಸೇರಿ ಎರಡೂವರೆ ನಿಮಿಷ. ಹಲಗೆ ಖಾಲಿಯಿದ್ದರೆ ಮಾತ್ರ ಮೊದಲು ಒಳಹೊಕ್ಕ ಹತ್ತು ಮಂದಿ ಸಂತೆ ನೆರೆಸುತ್ತಾರೆ. ಮೇಷ್ಟ್ರು ಬಾಗಿಲು ಬಿಟ್ಟು ಗದರಲು ಓಡಬೇಕಾಗುತ್ತದೆ.

ನಿಜವಾದ ಪರೀಕ್ಷೆ ನಿನ್ನೆ ಜಗಳವಾಡಿ ಬೈಸಿಕೊಂಡ ಹುಡುಗನದು. ಅವನು ಮುಖ ತಗ್ಗಿಸಿಕೊಂಡೋ ಹುರಿಗೊಳಿಸಿಕೊಂಡೋ ಬರುತ್ತಾನೆ. ‘ಇವತ್ತಾದ್ರೂ ಸುಮ್ನಿರ್ತೀಯಾ?’ ಎಂದರೆ ನಿನ್ನೆಯ ಜಗಳ ಹೊಸ್ತಿಲಲ್ಲೇ ಮತ್ತೆ ಶುರು. ಕುಕ್ ತಂಡದ ಸಲಹೆ ಬೇರೆ: ಹಿಂದಿನ ದಿನ ಎಡವಿದ ಮಗುವಿಗೆ ಉಳಿದವರಿಗೆ ಕೇಳಿಸದಂತೆ ಭರವಸೆಯ ಒಂದು ಮಾತು ಹೇಳಬೇಕು. ‘ನಿನ್ನೇದು ನಿನ್ನೆಗಾಯ್ತು ಕಣೋ. ಇವತ್ತು ಪುಸ್ತಕ ಹಂಚೋ ಕೆಲಸ ನಿಂದು.’ ಹೋಂವರ್ಕ್, ಫೀಸು, ಕೊಳೆಯಾದ ಯೂನಿಫಾರ್ಮಿನ ವಿಚಾರಣೆಯೂ ಬಾಗಿಲಲ್ಲಿ ಬೇಡ. ಅದು ಶುರುವಾದರೆ ಬಾಗಿಲು ಚೆಕ್‌ಪೋಸ್ಟ್ ಆಗುತ್ತದೆ, ಮಕ್ಕಳು ಗುಂಪಿನ ಮರೆಯಲ್ಲಿ ನುಸುಳಲು ಕಲಿಯುತ್ತಾರೆ.

ಕೈಕುಲುಕುವುದು, ಅಪ್ಪಿಕೊಳ್ಳುವುದು ಕಡ್ಡಾಯವಲ್ಲ. ಅಮೆರಿಕದ ಷಾರ್ಲಟ್ ನಗರದ ಶಿಕ್ಷಕ ಬ್ಯಾರಿ ವೈಟ್ ಜೂನಿಯರ್ 2017ರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆಬೇರೆ ಹಸ್ತಲಾಘವ ಮಾಡುವ ವಿಡಿಯೊ ಜಗತ್ತೆಲ್ಲ ಸುತ್ತಿತು. ನೋಡಲು ಸೊಗಸು, ಆದರೆ ಎಲ್ಲ ಶಿಕ್ಷಕರಿಗೂ ಅಷ್ಟು ನೆನಪೂ ಕುಣಿತವೂ ಒಲಿಯುವುದಿಲ್ಲ. ಬಾಗಿಲ ಪಕ್ಕ ನಮಸ್ಕಾರ, ಕೈಗೆ ಕೈ ತಟ್ಟುವುದು, ಬರೀ ನಗು ಎಂಬ ಮೂರು ಚಿತ್ರ ಅಂಟಿಸಿ, ಮಗು ಮುಟ್ಟಿದ ಚಿತ್ರದಂತೆ ವಂದಿಸುವುದು ಸುಲಭ. ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದ ಮಗುವಿಗೆ ಅಲ್ಲೊಂದು ದಾರಿ ಸಿಗುತ್ತದೆ. ನಮ್ಮಲ್ಲೂ ಇದರ ಎಳೆ ಇದೆ: ಕರ್ನಾಟಕದ ಸರ್ಕಾರಿ ಶಾಲೆಗಳ ‘ವಿದ್ಯಾಪ್ರವೇಶ’ ಕಾರ್ಯಕ್ರಮದಲ್ಲಿ ಚಿಕ್ಕ ಮಕ್ಕಳ ದಿನ ತೆರೆದುಕೊಳ್ಳುವುದೇ ‘ಶುಭಾಶಯ ವಿನಿಮಯ’ದಿಂದ.

ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮಕ್ಕಳು ಮೊದಲೇ ಒಳಗೆ ಕೂತಿರುತ್ತಾರೆ. ಅಲ್ಲಿ ಬಾಗಿಲಿನ ಹಟ ಬೇಡ, ಸಾಲುಗಳ ನಡುವೆ ನಡೆಯುತ್ತ ಹೆಸರು ಹೇಳಿದರಾಯಿತು. ತಡವಾಗಿ ಬಂದವರನ್ನೂ ‘ಬಾ, ಎರಡನೇ ಲೆಕ್ಕದಲ್ಲಿದ್ದೀವಿ’ ಎಂದು ಸೇರಿಸಿಕೊಳ್ಳಬಹುದು, ತಡದ ಕಾರಣ ಆಟದ ಬಿಡುವಿನಲ್ಲಿ ಕೇಳಿದರೆ ಸಾಕು. ಫಲ ಸಿಗುತ್ತಿದೆಯೇ ಎಂದು ತಿಳಿಯಲು, ಕೊನೆಯ ಮಗು ಒಳಬಂದ ಮೇಲೆ ಪುಸ್ತಕ ತೆರೆಯದವರು ಎಷ್ಟು ಮಂದಿ ಎಂದು ಎಣಿಸಿ ಒಂದು ವಾರ ಬರೆದಿಟ್ಟುಕೊಂಡು ನೋಡಬೇಕು. ಜೊತೆಗೆ, ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹಾಜರಿ ಪುಸ್ತಕದ ಮೇಲೆ ಕಣ್ಣಾಡಿಸಿ, ಬೆಳಿಗ್ಗೆ ಯಾರ ಹೆಸರು ಬಾಯಿಗೆ ಬರಲಿಲ್ಲ ಎಂದು ಗುರುತು ಹಾಕಬೇಕು. ಮೂರು ದಿನ ಒಂದೇ ಹೆಸರಿನ ಮುಂದೆ ಗುರುತು ಬಿದ್ದರೆ, ನಾಲ್ಕನೇ ಬೆಳಿಗ್ಗೆ ಮೊದಲು ಕರೆಯಬೇಕಾದದ್ದು ಆ ಮಗುವನ್ನು.