ಮಳೆಗಾಲದ ತೇವ ಮತ್ತು ಕನ್ಸೋಲಿನ ಪೋರ್ಟುಗಳು

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಆರ್ದ್ರತೆ ಎಷ್ಟೋ ದಿನ ಶೇ 85ನ್ನು ದಾಟಿರುತ್ತದೆ. ಆ ತಿಂಗಳುಗಳಲ್ಲಿ ಮುಟ್ಟದೆ ಇಟ್ಟ ಗೇಮಿಂಗ್ ಕನ್ಸೋಲಿಗೆ ಮೊದಲ ಪೆಟ್ಟು ಬೀಳುವುದು ಹೊರಗಾಳಿಗೆ ತೆರೆದಿರುವ ಎಚ್‌ಡಿಎಂಐ ಮತ್ತು ಯುಎಸ್‌ಬಿ ಪೋರ್ಟುಗಳಿಗೆ. ಅಲ್ಲಿ ಆಗುವ ಹಾನಿ ಎರಡು ಬಗೆಯದು: ಒಂದು ಬೂಷ್ಟು, ಇನ್ನೊಂದು ಕಿಲುಬು. ಎರಡೂ ನೋಡಲು ಕೊಳೆಯಂತೆಯೇ ಇದ್ದರೂ ಉಪಚಾರ ಬೇರೆ.

ಬೂಷ್ಟಿಗೆ ಲೋಹ ಆಹಾರವಲ್ಲ. ಪೋರ್ಟಿನೊಳಗೆ ಕೂತ ಧೂಳು, ಕೈಬೆರಳಿನ ಜಿಡ್ಡು, ಚಿಪ್ಸ್ ತಿಂದ ಕೈಯಿಂದ ಕೇಬಲ್ ಚುಚ್ಚಿದಾಗ ಉಳಿದ ಎಣ್ಣೆ, ಇವನ್ನು ತಿಂದು ಅದು ಬೆಳೆಯುತ್ತದೆ. ಬಿಳಿ ಅಥವಾ ಬೂದು ಬಣ್ಣದ ಮೃದು ನವಿರಿನಂತೆ ಕಾಣುತ್ತದೆ, ಒರೆಸಿದರೆ ಹೋಗುತ್ತದೆ. ಆದರೆ ಅದು ಹಿಡಿದಿಟ್ಟುಕೊಳ್ಳುವ ಪಸೆ ಕಿಲುಬಿಗೆ ದಾರಿ ಮಾಡಿಕೊಡುತ್ತದೆ. ಎಚ್‌ಡಿಎಂಐ ಪೋರ್ಟಿನಲ್ಲಿ 19 ಸಣ್ಣ ಸಂಪರ್ಕಪಟ್ಟಿಗಳಿವೆ. ಅವು ತಾಮ್ರದ ಮಿಶ್ರಲೋಹದವು; ಮೇಲಿನ ಚಿನ್ನದ ಲೇಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳು. ಕೇಬಲ್ ಹಾಕಿ ತೆಗೆದು ಅದು ಸವೆದ ಜಾಗದಲ್ಲಿ ಉಪ್ಪುಗಾಳಿಯ ತೇವ ತಾಮ್ರವನ್ನು ಮುಟ್ಟಿ ಹಸಿರು ಕಿಲುಬು ಕಟ್ಟುತ್ತದೆ. ಇದು ಗಟ್ಟಿ, ಒರೆಸಿದರೂ ಕಲೆ ಉಳಿಯುತ್ತದೆ. ತೇವವಿರುವಾಗ ಪಟ್ಟಿಯಲ್ಲಿ ವಿದ್ಯುತ್ತೂ ಇದ್ದರೆ ಸವೆತ ಇನ್ನೂ ಬೇಗ. ಚಿತ್ರ ಆಗಾಗ ಕಪ್ಪಾಗುವುದು, ಕೇಬಲನ್ನು ಸ್ವಲ್ಪ ಅಲುಗಿಸಿದರೆ ಮರಳಿ ಬರುವುದು, ಕಂಟ್ರೋಲರ್ ಒಂದು ಪೋರ್ಟಿನಲ್ಲಿ ಮಾತ್ರ ಚಾರ್ಜ್ ಆಗದಿರುವುದು ಇದರ ಮೊದಲ ಸೂಚನೆಗಳು.

ಬೂಷ್ಟು ಕಂಡರೆ ಪ್ಲಗ್ ಕಿತ್ತು, ಮೆತ್ತನೆಯ ಒಣ ಬ್ರಷ್ಷಿನಿಂದ ಪೋರ್ಟಿನ ಬಾಯಿ ಕೆಳಮುಖವಾಗಿರುವಂತೆ ಹಿಡಿದು ಉಜ್ಜಬೇಕು. ಆಮೇಲೆ ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ಷಿನ ತುದಿಯನ್ನಷ್ಟೇ ಅದ್ದಿ ಇನ್ನೊಮ್ಮೆ ಉಜ್ಜಿ, ಒಂದು ದಿನ ಗಾಳಿಯಾಡಲು ಬಿಡುವುದು ಒಳ್ಳೆಯದು. ಬಾಯಿಂದ ಊದುವುದು ಬೇಡ. ಎಂಜಲಿನ ತುಂತುರು ಹೊಸ ತೇವವನ್ನೇ ಒಳಗೆ ಕೂರಿಸುತ್ತದೆ. ಹಸಿರು ಕಿಲುಬು ಪಟ್ಟಿಯನ್ನು ತಿಂದಿದ್ದರೆ ಯಾವ ದ್ರವವೂ ಲೋಹವನ್ನು ಮರಳಿಸದು. ಉಪ್ಪುಕಾಗದ ತಾಗಿಸಿದರೆ ಉಳಿದ ಚಿನ್ನವೂ ಹೋಗುತ್ತದೆ. ಆಗ ಬೆಸುಗೆ ಬಲ್ಲವರಿಂದ ಪೋರ್ಟನ್ನೇ ಬದಲಿಸಬೇಕಾಗುತ್ತದೆ.

ಅದಕ್ಕೇ ಇಡುವ ರೀತಿಯ ಮೇಲೆ ಹೆಚ್ಚು ಗಮನ ಬೇಕು. ವಾರಕ್ಕೆರಡು ಸಲ ಒಂದೊಂದು ಗಂಟೆ ಓಡುವ ಕನ್ಸೋಲಿಗೆ ಅಷ್ಟು ಭಯವಿಲ್ಲ. 28 ಡಿಗ್ರಿಯಲ್ಲಿ ಶೇ 85 ಆರ್ದ್ರತೆ ಇರುವ ಗಾಳಿ ಪೆಟ್ಟಿಗೆಯೊಳಗೆ 36 ಡಿಗ್ರಿಗೆ ಕಾದರೆ ಆರ್ದ್ರತೆ ಶೇ 55ರ ಸುತ್ತ ಇಳಿಯುತ್ತದೆ. ಬೂಷ್ಟು ಹಬ್ಬಲು ಅದು ಸಾಲದು. ತೊಂದರೆಯೆಲ್ಲ ತಿಂಗಳುಗಟ್ಟಲೆ ಮೂಲೆಗಿಟ್ಟಾಗ. ಅಂಗಡಿಯಿಂದ ಬಂದ ರಟ್ಟಿನ ಡಬ್ಬಿ ತಾನೇ ತೇವ ಹೀರಿ ಮೆತ್ತಗಾಗುತ್ತದೆ. ಹೊರಗೋಡೆಗೆ ತಾಗಿದ ಬೀರು ಅದಕ್ಕಿಂತ ಕೆಟ್ಟದ್ದು.

ಉಡುಪಿಯ ಕಡೆಯ ಒಂದು ಮನೆಯಲ್ಲಿ ಜುಲೈನಲ್ಲಿ ಕನ್ಸೋಲನ್ನು ಎತ್ತಿಡಬೇಕು ಎಂದುಕೊಳ್ಳೋಣ. ರಬ್ಬರ್ ಅಂಚಿನ ಮುಚ್ಚಳವುಳ್ಳ 40 ಲೀಟರಿನ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರೊಳಗಿನ ಗಾಳಿಯಲ್ಲಿರುವ ನೀರು ಒಂದು ಗ್ರಾಮಿಗಿಂತ ಕಡಿಮೆ. ಆರ್ದ್ರತೆಯನ್ನು ಶೇ 45ಕ್ಕೆ ಇಳಿಸಲು ಸುಮಾರು ಅರ್ಧ ಗ್ರಾಮ್ ನೀರು ತೆಗೆದರಾಯಿತು. ಲೆಕ್ಕದ ಪ್ರಕಾರ ಮೂರು ಗ್ರಾಮ್ ಸಿಲಿಕಾ ಜೆಲ್ ಅದನ್ನು ಹೀರಬಲ್ಲದು. ಆದರೂ 200 ಗ್ರಾಮ್ ಹಾಕಬೇಕು. ಮುಚ್ಚಳದ ಸಂದಿನಿಂದ ದಿನವೂ ಹೊಸ ತೇವ ಒಳಬರುತ್ತದೆ, ಹಪ್ಪಳದ ಡಬ್ಬಿ ತೆರೆದಂತೆಲ್ಲ ಹಪ್ಪಳ ಮೆತ್ತಗಾಗುವ ಹಾಗೆ. ಜೊತೆಗೆ ಕೇಬಲ್, ಬಟ್ಟೆಚೀಲಗಳಲ್ಲಿ ಅಡಗಿದ ತೇವವೂ ಮೆಲ್ಲಗೆ ಹೊರಬರುತ್ತದೆ. ಇಡುವ ಮೊದಲು ಕನ್ಸೋಲನ್ನು ಒಂದು ಗಂಟೆ ಓಡಿಸಿ, ಆರಿಸಿ, ಮೈ ತಣಿದ ಮೇಲೆ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ ಒಳಗಿಡಬೇಕು. ಪಕ್ಕದಲ್ಲಿ ಪುಟ್ಟ ಡಿಜಿಟಲ್ ಆರ್ದ್ರತಾಮಾಪಕವಿದ್ದರೆ ಊಹಿಸುವ ಕಷ್ಟವಿಲ್ಲ: ಶೇ 40ರಿಂದ 50 ತೋರಿಸಿದರೆ ಸರಿ, 60 ದಾಟಿದರೆ ಜೆಲ್ ತುಂಬಿದೆ ಅಥವಾ ಮುಚ್ಚಳ ಸೋರುತ್ತಿದೆ.

ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದು ಹಸಿರಾಗುತ್ತದೆ. ಅದನ್ನು ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿಯಿಂದ ಗುಲಾಬಿಯಾಗುವ ಜೆಲ್ಲಿನಲ್ಲಿ ವಿಷಕಾರಿ ಕೋಬಾಲ್ಟ್ ಲವಣವಿರುವುದರಿಂದ ಮಕ್ಕಳಿರುವ ಮನೆಗೆ, ಅಡುಗೆಯ ಓವನ್ನಿಗೆ ಅದು ಬೇಡ. ಅಕ್ಕಿಯೂ ಇಲ್ಲಿ ಪ್ರಯೋಜನಕ್ಕೆ ಬಾರದು. ಹೀರುವುದು ಕಡಿಮೆ, ಅದರ ಹುಡಿ ಬೂಷ್ಟಿಗೇ ಊಟ.

ಎಸಿ ಕೋಣೆಯಲ್ಲಿ ಇಟ್ಟವರಿಗೆ ಇನ್ನೊಂದು ಎಚ್ಚರಿಕೆ ಬೇಕು. 22 ಡಿಗ್ರಿಯ ಕನ್ಸೋಲನ್ನು ನೇರವಾಗಿ 28 ಡಿಗ್ರಿಯ ತೇವಗಾಳಿಗೆ ತಂದರೆ ತಣ್ಣನೆಯ ಲೋಟದ ಮೈಯಂತೆ ಅದರ ಲೋಹದ ಮೇಲೂ ಹನಿ ಕೂರುತ್ತದೆ, ಒಳಗೂ ಹೊರಗೂ. ಮುಚ್ಚಿದ ಡಬ್ಬಿಯಲ್ಲೇ ಹೊರಗೆ ತಂದು, ನಾಲ್ಕೈದು ಗಂಟೆ ತೆರೆಯದೆ ಬಿಟ್ಟು, ಮೈ ಬೆಚ್ಚಗಾದ ಮೇಲೆ ಪ್ಲಗ್ ಹಾಕಬೇಕು.