ಕೂಸಿನ ಬೆವರುಸಾಲೆ: ಬಟ್ಟೆ, ಗಾಳಿ ಮತ್ತು ವೈದ್ಯರ ಸರದಿ

ಬೆವರು ಗ್ರಂಥಿಯಿಂದ ಚರ್ಮದ ಮೇಲಕ್ಕೆ ಬರುವ ಸಣ್ಣ ನಾಳ ಕಟ್ಟಿಕೊಂಡಾಗ ಬೆವರುಸಾಲೆ ಏಳುತ್ತದೆ. ಹೊರಬರಲಾಗದ ಬೆವರು ಒಳಗೇ ನಿಂತು ಸುತ್ತಲಿನ ಚರ್ಮವನ್ನು ಕೆಣಕುತ್ತದೆ. ಎಳೆಗೂಸುಗಳಲ್ಲಿ ಈ ನಾಳಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಅದಕ್ಕೇ ಅವು ಬೇಗ ಮುಚ್ಚಿಕೊಳ್ಳುತ್ತವೆ. ತಡೆ ಚರ್ಮದ ತೀರ ಮೇಲ್ಪದರದಲ್ಲಿದ್ದರೆ ಇಬ್ಬನಿ ಹನಿಯಂಥ ತಿಳಿಗುಳ್ಳೆಗಳು ಕಾಣುತ್ತವೆ. ಅವು ನೋಯುವುದಿಲ್ಲ, ತುರಿಸುವುದೂ ಇಲ್ಲ, ಮುಟ್ಟಿದರೆ ಒಡೆಯುತ್ತವೆ. ಸ್ವಲ್ಪ ಆಳದಲ್ಲಿದ್ದರೆ ಕೆಂಪು ಗುಳ್ಳೆಗಳು ಎದ್ದು ತುರಿಸುತ್ತವೆ, ಕೂಸು ರಚ್ಚೆ ಹಿಡಿಯುತ್ತದೆ. ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಬೆನ್ನು, ಕುಲಾವಿಯ ಅಂಚು ಒತ್ತುವ ಹಣೆ ಇವುಗಳ ನೆಲೆ.

ಇದನ್ನು ‘ಉಷ್ಣ’ ಎಂದು ಕರೆದು ತಾಯಿಗೆ ಪಥ್ಯ ಹೇಳುವ ಮನೆಗಳು ಇಂದಿಗೂ ಇವೆ. ಆದರೆ ಬೆವರುಸಾಲೆಗೂ ತಾಯಿ ಉಂಡ ಊಟಕ್ಕೂ ಸಂಬಂಧವಿಲ್ಲ. ಬರಿಯ ಬಿಸಿಲು ಕೂಡ ಪೂರ್ತಿ ಕಾರಣವಲ್ಲ. ರಾಯಚೂರಿನ ಒಣ ಸೆಕೆಯಲ್ಲಿ ಬೆವರು ಬೇಗ ಆರುತ್ತದೆ. ಮಂಗಳೂರಿನಲ್ಲಿ ಉಷ್ಣಾಂಶ ಅಷ್ಟಿಲ್ಲದಿದ್ದರೂ ಗಾಳಿಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಬೆವರು ಮೈಮೇಲೇ ಉಳಿಯುತ್ತದೆ. ಒದ್ದೆಯಾಗಿಯೇ ಇರುವ ಚರ್ಮ ಉಬ್ಬಿ ನಾಳದ ಬಾಯಿ ಮುಚ್ಚುತ್ತದೆ. ಹಾಗಾಗಿ ಬಟ್ಟೆ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಬಟ್ಟೆಯೊಳಗೆ ಬೆವರು ಆರುತ್ತದೆಯೇ?

ತೊಳೆದು ತೊಳೆದು ಮೆತ್ತಗಾದ ತೆಳು ಹತ್ತಿ ಬಟ್ಟೆ, ಮಲ್ಲು ಬಟ್ಟೆಯ ಸಡಿಲ ಜಬಲಾ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ನಾಮಕರಣಕ್ಕೆ ಉಡುಗೊರೆ ಬರುವ ನೈಲಾನ್ ಜಾಲರಿ, ಸ್ಯಾಟಿನ್ ಒಳಪದರದ ಫ್ರಾಕುಗಳು ಸೋಲುತ್ತವೆ. ಫೋಟೋ ತೆಗೆದಾದ ಮೇಲೆ ಅವನ್ನು ಬಿಚ್ಚುವುದೇ ಸರಿ. ಸೆಕೆಯಲ್ಲಿ ಒಂದು ಪದರ ಸಾಕು. ಮನೆಯೊಳಗೆ ಕುಲಾವಿ, ಕಾಲುಚೀಲ, ಕೈಚೀಲ ಬೇಕಿಲ್ಲ. ಕೂಸಿನ ಕೈಕಾಲು ತಣ್ಣಗಿವೆ ಎಂದು ಹೊದಿಸುವುದು ಸಾಮಾನ್ಯ ತಪ್ಪು, ಏಕೆಂದರೆ ಎಳೆಗೂಸಿನ ಕೈಕಾಲು ತಣ್ಣಗಿರುವುದು ಸಹಜ. ಸೆಕೆಯಾಗಿದೆಯೇ ಎಂದು ತಿಳಿಯಲು ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದೇ ಅರ್ಥ. ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸಿನ ಮಾತು ಬೇರೆ, ಅದಕ್ಕೆ ಎಷ್ಟು ಹೊದಿಕೆ ಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಕರಾವಳಿಯ ಒಂದು ಮನೆಯಲ್ಲಿ ಏಪ್ರಿಲ್ ತಿಂಗಳ ನಾಲ್ಕು ತಿಂಗಳ ಕೂಸನ್ನು ಊಹಿಸಿಕೊಳ್ಳಬಹುದು. ಎಣ್ಣೆ ಹಚ್ಚಿ, ಬಿಸಿಬಿಸಿ ನೀರು ಎರೆದು, ಸಾಂಬ್ರಾಣಿ ಹೊಗೆ ಹಿಡಿದು, ಬಿಗಿಯಾಗಿ ಸುತ್ತಿ ರಬ್ಬರ್ ಶೀಟಿನ ಮೇಲೆ ಮಲಗಿಸುತ್ತಾರೆ. ಬೆನ್ನಿನ ತುಂಬ ಕೆಂಪು ಗುಳ್ಳೆ. ಕತ್ತಿನ ಮಡಿಕೆಯಲ್ಲಿ ಬೆವರಿನೊಂದಿಗೆ ಕಲಸಿದ ಪೌಡರ್. ಇಲ್ಲಿ ಔಷಧಿಗಿಂತ ಮೊದಲು ಆಗಬೇಕಾದದ್ದು ಕಳಚುವ ಕೆಲಸ. ಎಣ್ಣೆ ಕೆಲವು ದಿನ ನಿಲ್ಲಬೇಕು, ಸುತ್ತುವುದೂ ಹೊಗೆಯೂ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ, ಮಡಿಕೆಗಳನ್ನು ಬಿಡಿಸಿ, ಉಜ್ಜದೆ ಒತ್ತಿ ಒರೆಸಬೇಕು. ರಬ್ಬರ್ ಶೀಟಿನ ಬದಲು ಹತ್ತಿ ಬಟ್ಟೆ ಹಾಸಿ, ದಿನಕ್ಕೆ ಕೆಲವು ಹೊತ್ತು ಡೈಪರ್ ತೆಗೆದು, ಫ್ಯಾನಿನ ಗಾಳಿ ಕೋಣೆಯಲ್ಲಿ ಆಡುವಂತೆ ಬಿಡಬೇಕು. ಇಷ್ಟು ಮಾಡಿದರೆ ಎರಡು ಮೂರು ದಿನಗಳಲ್ಲಿ ಕೆಂಪು ಇಳಿಯತೊಡಗುತ್ತದೆ. ಕೂಸಿಗೆ ಇನ್ನೂ ಆರು ತಿಂಗಳು ತುಂಬಿಲ್ಲವಾದ್ದರಿಂದ ಸೆಕೆಯೆಂದು ನೀರು ಕುಡಿಸಬೇಕಿಲ್ಲ. ಮತ್ತೆ ಮತ್ತೆ ಎದೆಹಾಲು ಕೊಟ್ಟರೆ ಸಾಕು.

ಪೌಡರ್ ನಿರುಪಯುಕ್ತವಷ್ಟೇ ಅಲ್ಲ, ಅದರ ಧೂಳು ಕೂಸಿನ ಶ್ವಾಸಕೋಶ ಸೇರಬಹುದು. ದೊಡ್ಡವರ ಬೆವರುಸಾಲೆ ಪೌಡರುಗಳಲ್ಲಿ ಬೋರಿಕ್ ಆಮ್ಲ, ಕರ್ಪೂರದಂಥವು ಇರಬಹುದು. ಇವು ಎಳೆಯರಿಗೆ ವಿಷ. ಮನೆಯಲ್ಲಿರುವ ಯಾವುದೋ ಟ್ಯೂಬಿನ ಸ್ಟಿರಾಯ್ಡ್ ಮುಲಾಮನ್ನೂ ವೈದ್ಯರನ್ನು ಕೇಳದೆ ಹಚ್ಚಬಾರದು.

ಬೆವರುಸಾಲೆಯಿಂದ ಜ್ವರ ಬರುವುದಿಲ್ಲ. ಮೈ ತಂಪು ಮಾಡಿದ ಮೇಲೂ ಜ್ವರವಿದ್ದರೆ ಬೇರೆ ಕಾರಣ ಹುಡುಕಬೇಕು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಥವಾ ಹೆಚ್ಚು ಜ್ವರವಿದ್ದರೆ ಗುಳ್ಳೆ ಇರಲಿ ಬಿಡಲಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗುಳ್ಳೆಗಳಲ್ಲಿ ಕೀವು ತುಂಬಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಸುತ್ತಲ ಚರ್ಮ ಬಿಸಿಯಾಗಿ ಬಾತು ಕೆಂಪು ಹರಡುತ್ತಿದ್ದರೆ ಅದು ಸೋಂಕಿನ ಲಕ್ಷಣ. ಮೂರು ನಾಲ್ಕು ದಿನ ತಂಪಾಗಿಟ್ಟರೂ ಇಳಿಯದಿದ್ದರೆ ರೋಗವೇ ಬೇರೆ ಇರಬಹುದು. ಅಂಗೈ, ಅಂಗಾಲಿಗೂ ಗುಳ್ಳೆ ಬಂದು ಮನೆಯವರಿಗೂ ರಾತ್ರಿ ತುರಿಕೆಯಿದ್ದರೆ ಕಜ್ಜಿ ಎಂದು ಅನುಮಾನಿಸಬೇಕು.

ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಕೆಂಪು ಚುಕ್ಕೆಗಳ ಮೇಲೆ ಒತ್ತಿದಾಗ ಬೆವರುಸಾಲೆಯ ಕೆಂಪು ಮಾಸುತ್ತದೆ. ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು ಚರ್ಮದೊಳಗಿನ ರಕ್ತಸ್ರಾವವಿರಬಹುದು. ಅಂಥ ಚುಕ್ಕೆ ಕಂಡಾಗ, ಕೂಸು ಹಾಲು ಕುಡಿಯದೆ ಮಂಕಾದಾಗ, ಇಲ್ಲವೇ ತಿಂಗಳು ತುಂಬದ ಕೂಸಿನ ಮೈಮೇಲೆ ನೀರುಗುಳ್ಳೆಗಳು ಗೊಂಚಲಾಗಿ ಎದ್ದಾಗ ರಾತ್ರಿಯಾದರೂ ಕಾಯದೆ ವೈದ್ಯರಿಗೆ ತೋರಿಸಬೇಕು.